ಜರಡಿ ಅಕ್ಕ ಮೇಲಿಂದ ಓದಿದ ಹತ್ತು

ಆಫೀಸಿನಲ್ಲಿ ಅವರಿಗೆ ಜರಡಿ ಅಕ್ಕ ಎಂದು ಹೆಸರು. ಎದುರಿಗೆ ಬರೀ ಅಕ್ಕ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿಯಿದ್ದ ಹೆಂಗಸು, ಮಂಡಿ ನೋವು, ಎರಡು ಕನ್ನಡಕ, ಮೇಜಿನ ಖಾನೆಯಲ್ಲಿ ನೋವಿನ ಮುಲಾಮು. ಬೆಳಗ್ಗೆ ಒಂಬತ್ತಕ್ಕೆ ಬಂದು ಕೂತರೆ ಸಂಜೆ ಆರರವರೆಗೆ ಅವರು ಮಾಡುತ್ತಿದ್ದದ್ದು ಒಂದೇ ಕೆಲಸ: ತಡೆಗಳನ್ನು ಓದುವುದು.

ನಮ್ಮದು ಬೇರೆಯವರ ವೆಬ್‌ಸೈಟುಗಳನ್ನು ಕಾಯುವ ಕಂಪನಿ. ಆಸ್ಪತ್ರೆ, ಶಾಲೆ, ಸಾರಿಗೆ, ಯಾರದ್ದೋ ಸರ್ವರ್ ಇರುತ್ತದೆ, ಅದರ ಬಾಗಿಲಲ್ಲಿ ನಮ್ಮ ಫೈರ್‌ವಾಲ್ ನಿಂತಿರುತ್ತದೆ. ಒಳಗೆ ಬರುವ ಪ್ರತಿಯೊಂದು ಕೋರಿಕೆಯನ್ನೂ ಅದು ತಡವಿ ನೋಡುತ್ತದೆ. ಯಾವುದಾದರೂ ನಿಯಮಕ್ಕೆ ಸಿಕ್ಕಿಬಿದ್ದರೆ ಹಿಂದಕ್ಕೆ ಅಟ್ಟಿ, ಎಷ್ಟು ಹೊತ್ತಿಗೆ, ಎಲ್ಲಿಂದ, ಯಾವ ಬಾಗಿಲಿಗೆ, ಯಾವ ನಿಯಮದಡಿ ಎಂದು ಬರೆದಿಡುತ್ತದೆ. ಹಾಗೆ ಬರೆದಿಟ್ಟ ಒಂದೊಂದೂ ಒಂದು ತಡೆ. ಅದಕ್ಕೆ ಕಣ್ಣಿದೆ, ತಲೆಯಿಲ್ಲ. ಕಳ್ಳನನ್ನೂ ಅಟ್ಟುತ್ತದೆ, ಹರಿದ ಚಪ್ಪಲಿ ಹಾಕಿಕೊಂಡು ಬಂದ ಮನೆಯವನನ್ನೂ ಅಟ್ಟುತ್ತದೆ. ಯಾರು ಯಾರು ಎಂದು ಬೇರೆ ಮಾಡಲು ಮನುಷ್ಯರು ಬೇಕು. ನಿಯಮ ಬರೆಯುವವನು ನಾನು, ಅದು ಅಟ್ಟಿದ್ದನ್ನು ಓದುವವರು ಅಕ್ಕ. ಹನ್ನೊಂದು ವರ್ಷ ಎದುರುಬದುರು ಕೂತಿದ್ದೇವೆ. ಗಂಡ ಹೆಂಡತಿಯೂ ಇಷ್ಟು ಹೊತ್ತು ಮುಖ ನೋಡಿಕೊಂಡಿರುವುದಿಲ್ಲ.

ಅದಕ್ಕೆ ಮೊದಲು ಅಕ್ಕ ಹದಿನೆಂಟು ವರ್ಷ ಟೆಲಿಫೋನ್ ದೂರು ವಿಭಾಗದಲ್ಲಿದ್ದವರು. ಆ ವಿಭಾಗ ಮುಚ್ಚಿದಾಗ ಇಲ್ಲಿಗೆ ಬಂದರು. ಕಂಪ್ಯೂಟರ್ ಓದಿದವರಲ್ಲ. ಆದರೆ ಬೈಯುವವನ ದನಿಯಲ್ಲಿ ಯಾರು ಸುಳ್ಳು ಹೇಳುತ್ತಿದ್ದಾನೆ, ಯಾರ ಫೋನ್ ನಿಜಕ್ಕೂ ಸತ್ತಿದೆ ಎಂದು ಕಂಡುಹಿಡಿದ ಕಿವಿ ಅದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವರು ಹೇಳಿಕೊಡುತ್ತಿದ್ದದ್ದು ಹೀಗೆ:

"ಕಳ್ಳ ಹತ್ತು ಮನೆ ಬಾಗಿಲು ಒಂದೊಂದು ಸಲ ತಟ್ತಾನೆ. ಎಡವಿದವನು ಒಂದೇ ಬಾಗಿಲು ಹತ್ತು ಸಲ ತಟ್ತಾನೆ, ಯಾಕಂದ್ರೆ ಅದು ಅವನ ಮನೆ."

ಎಲ್ಲರೂ ಇದನ್ನು ಬರೆದುಕೊಳ್ಳುತ್ತಿದ್ದರು. ಬರೆದುಕೊಂಡ ಮೇಲೆ ಅಕ್ಕ, "ಇದನ್ನ ನಂಬಬೇಡಿ" ಅನ್ನುತ್ತಿದ್ದರು. ಪಾಸ್‌ವರ್ಡ್ ಊಹಿಸುವ ಕಳ್ಳ ಒಂದೇ ಬಾಗಿಲನ್ನು ಸಾವಿರ ಸಲ ತಟ್ಟುತ್ತಾನೆ. ಆದ್ದರಿಂದ ಅವರದ್ದು ಇನ್ನೊಂದು ಕಟ್ಟುಪಾಡು. ಪ್ರತಿ ರಾಶಿಯಿಂದ ಹತ್ತು ತಡೆ ಎತ್ತಿ, ಮೊದಲಿಂದ ಕೊನೆಯವರೆಗೆ ಓದಬೇಕು. ಹತ್ತೂ ಒಂದೇ ಕಡೆಯಿಂದಲ್ಲ. ಮೇಲಿಂದ ಮೂರು, ನಡುವಿಂದ ನಾಲ್ಕು, ತಳದಿಂದ ಮೂರು. ಬಂದವನು ಲಾಗಿನ್ ಆಗಿದ್ದನೇ, ಒಂದೇ ಬರಹ ಮತ್ತೆ ಮತ್ತೆ ಬರುತ್ತಿದೆಯೇ, ಎಷ್ಟು ಸೆಕೆಂಡಿಗೊಮ್ಮೆ, ಊಟದ ಹೊತ್ತಿನಲ್ಲಿ ನಿಲ್ಲುತ್ತದೆಯೇ, ಎಲ್ಲ ನೋಡಬೇಕು. ಆಮೇಲೆ 'ದಾಳಿ' ಅಥವಾ 'ಕೆಟ್ಟ ಆ್ಯಪ್' ಎಂದು ಗುರುತು ಹಾಕಬೇಕು. ತಿಂಗಳ ಕೊನೆಗೆ ಆ ಗುರುತುಗಳೆಲ್ಲ ವರದಿಯಾಗುತ್ತವೆ, ಕೆಳಗೆ ಅಕ್ಕನ ಸಹಿ.

ಒಂದು ಮಂಗಳವಾರ ಆ ಸಹಿಯನ್ನು ಹುಡುಕಿಕೊಂಡು ಒಬ್ಬ ನರ್ಸಮ್ಮ ಬಂದರು.

ಕೆಳಗಿನ ಬಾಗಿಲಲ್ಲಿ ಕೂರಿಸಿದ್ದರಂತೆ, ಎರಡು ಗಂಟೆ ಕಾದಿದ್ದರು. ಕೈಯಲ್ಲಿ ನಮ್ಮ ವರದಿಯ ಒಂದು ಪುಟದ ನಕಲು, ಬಗಲಲ್ಲಿ ರಟ್ಟು ಸವೆದ ನೋಟ್‌ಬುಕ್. ಐವತ್ತರ ಆಸುಪಾಸು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ಕಟ್ಟುವ, ಮದ್ದು ಕೊಡುವ ಸಂಸ್ಥೆಯವರು. ನರ್ಸುಗಳು ರೋಗಿಯ ಸ್ಥಿತಿಯನ್ನು ಟ್ಯಾಬಿನಲ್ಲಿ ಬರೆದು ಕಳಿಸಬೇಕು. ಅದು ನಮ್ಮ ಫೈರ್‌ವಾಲ್ ದಾಟಿ ಅವರ ಸರ್ವರ್ ಸೇರುತ್ತದೆ.

"ಇದರಲ್ಲಿ ಸಹಿ ಹಾಕಿರೋದು ಯಾರು?" ಎಂದರು.

"ನಾನೇ," ಎಂದರು ಅಕ್ಕ.

"ನಾನು ದಾಳಿ ಮಾಡಿದ್ದೀನಿ ಅಂತ ಬರೆದಿದ್ದೀರಿ ಮೇಡಂ. ಟ್ಯಾಬ್ ಕಿತ್ಕೊಂಡ್ರು. ಐದು ವಾರ ಆಯ್ತು, ಮನೇಲಿ ಕೂರ್ಸಿದ್ದಾರೆ. ಶುಕ್ರವಾರ ವಿಚಾರಣೆ. ಆವತ್ತು ಕೆಲಸದಿಂದ ತೆಗೀತಾರೆ." ದನಿ ಏರಿಸಲಿಲ್ಲ. ಅಳಲೂ ಇಲ್ಲ. ಎಲ್ಲ ಆಫೀಸುಗಳನ್ನೂ ಸುತ್ತಿ ಸಾಕಾಗಿ ಬಂದವರ ಹಾಗೆ ಹೇಳಿದರು. "ನನಗೆ ಟ್ಯಾಬ್ ಆರಿಸಿ ಹಚ್ಚೋದು ಬಿಟ್ಟರೆ ಬೇರೇನೂ ಬರಲ್ಲ. ನಾನೇನು ದಾಳಿ ಮಾಡ್ದೆ ಅಂತ ನೀವಾದ್ರೂ ಹೇಳಿ, ವಿಚಾರಣೇಲಿ ಒಪ್ಕೊಳ್ಳೋಕೆ ಅನುಕೂಲ ಆಗುತ್ತೆ."

ನನಗೆ ಮೊದಲು ಬಂದದ್ದು ಸಿಟ್ಟು. ಗ್ರಾಹಕರ ಕಡೆಯ ಮನುಷ್ಯರು ಹೀಗೆ ನೇರ ಬರುವಂತಿಲ್ಲ, ಒಳಗೆ ಬಿಟ್ಟದ್ದು ಯಾರು ಎಂದು ಗೊಣಗಿದೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ. ಆ ಪುಟವನ್ನೇ ನೋಡುತ್ತಿದ್ದರು. 'ಒಳಗಿನಿಂದ ದಾಳಿ, ಸಾಧನ ಒಂದು, ತಡೆ 3,912, ನಾಲ್ಕು ದಿನ.' ಕೆಳಗೆ ದಿನಾಂಕ.

"ಇದು ಅವರ ಕಣ್ಣಿನ ಆಪರೇಷನ್ ಆದ ವಾರ," ಎಂದರು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಆ ವಾರ ನನಗೂ ನೆನಪಿದೆ. ಅಕ್ಕನ ಯಜಮಾನರಿಗೆ ಕಣ್ಣಿನ ಪೊರೆ ತೆಗೆಸಿದ್ದರು, ಅಕ್ಕ ಮೂರು ದಿನ ರಜೆ. ಅವರ ಬದಲು ಕೂರುವವರು ಯಾರೂ ಇಲ್ಲ. ವಾಪಸ್ ಬಂದಾಗ ಅರವತ್ತು ಸಾವಿರ ತಡೆ ಬಿದ್ದಿತ್ತು, ಮರುದಿನ ವರದಿ ಹೋಗಬೇಕು. ಅಕ್ಕ ಹತ್ತನ್ನೇನೋ ಓದಿದ್ದರು. ಆದರೆ ಮೇಲಿನ ಹತ್ತು.

ಇದರಲ್ಲಿ ನನ್ನ ಕೈವಾಡವೂ ಇದೆ, ಹೇಳದೆ ಇರಬಾರದು. ತಡೆಗಳನ್ನು ನಿಯಮದ ಪ್ರಕಾರ ರಾಶಿ ಮಾಡಿ, ಅಪಾಯ ಹೆಚ್ಚಿರುವುದನ್ನು ಮೇಲೆ ತರುವ ಪರದೆ ಮಾಡಿಕೊಟ್ಟವನು ನಾನು. ಕೆಲಸ ಸಲೀಸಾಗಲಿ ಎಂದು. ಆ ರಾಶಿಯ ಮೇಲಿದ್ದ ಹತ್ತೂ ಅಪ್ಪಟ ದಾಳಿಗಳು. ದೂರದ ಒಂದೇ ವಿಳಾಸ, ಲಾಗಿನ್ ಇಲ್ಲ, ಹನ್ನೆರಡು ಸೆಕೆಂಡಿನಲ್ಲಿ ಮೂವತ್ತೊಂದು ಬೇರೆ ಬೇರೆ ಬಾಗಿಲು, ಪ್ರತಿಯೊಂದರಲ್ಲೂ ಸರ್ವರಿನ ಗುಟ್ಟಿನ ಕಡತ ಕೇಳುವ ಮಾತು. ಆ ಮಾತು ಗುರುತು ಸಿಗದಿರಲಿ ಎಂದು, ಜಾಲದಲ್ಲಿ ಅಕ್ಷರಗಳ ಬದಲು ಹೋಗುವ ಶೇಕಡ ಚಿಹ್ನೆಗಳನ್ನು ಬೇಕೆಂದೇ ತಪ್ಪಾಗಿ ಹೆಣೆದಿದ್ದರು. ಅದರ ತಳದಲ್ಲಿ, ಅದೇ ನಿಯಮದಡಿ, ಈ ನರ್ಸಮ್ಮನ ಟ್ಯಾಬ್. ಅಕ್ಕ ಮೇಲಿನದ್ದನ್ನು ಓದಿ ಇಡೀ ರಾಶಿಗೆ 'ದಾಳಿ' ಎಂದು ಗುರುತು ಹಾಕಿದ್ದರು. ಒಬ್ಬ ಕಳ್ಳನ ಮೂವತ್ತೊಂದು ತಟ್ಟಿನ ಪಾಪ ನಾಲ್ಕು ಸಾವಿರದ ತಲೆಗೆ ಬಂದಿತ್ತು.

ಅಕ್ಕ ಕನ್ನಡಕ ಬದಲಿಸಿ ಕೂತರು. ಈ ಸಲ ತಳದಿಂದ ಶುರು ಮಾಡಿದರು.

ಟ್ಯಾಬಿನ ತಡೆಗಳೆಲ್ಲ ಒಂದೇ ಬಾಗಿಲಿಗೆ ಬಂದದ್ದು, ಟಿಪ್ಪಣಿ ಕಳಿಸುವ ಬಾಗಿಲು. ಲಾಗಿನ್ ಸರಿಯಾಗಿದೆ. ಸರಿಯಾಗಿ ಮೂವತ್ತು ಸೆಕೆಂಡಿಗೊಂದು. ರೋಗಿಗಳ ಗುಟ್ಟು ಉಳಿಯಬೇಕಲ್ಲ, ಅದಕ್ಕೇ ನಮ್ಮ ದಾಖಲೆಯಲ್ಲಿ ಪೂರ್ತಿ ಬರಹ ಇರುವುದಿಲ್ಲ. ನಿಯಮಕ್ಕೆ ಸಿಕ್ಕಿದ ಚೂರು, ಬರಹದ ಉದ್ದ, ಮತ್ತು ಬರಹ ಒಂದೇ ಆಗಿದ್ದರೆ ಒಂದೇ ಬರುವ ಗುರುತುಸಂಖ್ಯೆ, ಇಷ್ಟೇ. ಗುರುತುಸಂಖ್ಯೆ ಎಣಿಸಿದರೆ ನಾಲ್ಕು ಸಾವಿರ ಹೋಗಿ ಆರು ಉಳಿಯಿತು. ಆರು ಟಿಪ್ಪಣಿ, ಅವೇ ಮತ್ತೆ ಮತ್ತೆ.

"ಈ ಆರೂ ಒಂದೇ ಉದ್ದ ಇದೆ ನೋಡು," ಎಂದರು ಅಕ್ಕ. "ಟಿಪ್ಪಣಿ ಜಾಗದಲ್ಲಿ ಸರಿಯಾಗಿ ಸಾವಿರ. ಮನುಷ್ಯರು ಬರೆದದ್ದು ಹೀಗೆ ಅಳತೆ ಹಿಡಿದ ಹಾಗೆ ಇರುತ್ತಾ?"

"ಯಾರೋ ಕತ್ತರಿಸ್ತಿದ್ದಾರೆ," ಎಂದೆ.

ನಿಯಮಕ್ಕೆ ಸಿಕ್ಕಿದ ಚೂರು ಪ್ರತಿ ಸಲವೂ ಬರಹದ ಕಟ್ಟಕಡೆಯಲ್ಲಿತ್ತು. ಆಮೇಲೆ ಏನೂ ಇಲ್ಲದ ಒಂಟಿ ಶೇಕಡ ಚಿಹ್ನೆ, ಇಲ್ಲವೇ ಚಿಹ್ನೆಯ ನಂತರ ಎರಡಿರಬೇಕಾದ ಕಡೆ ಒಂದೇ ಗುರುತು.

ಅಕ್ಕ ನರ್ಸಮ್ಮನ ಕಡೆ ತಿರುಗಿದರು. "ಆ ನಾಲ್ಕು ದಿನ ಏನು ಬರೆದ್ರಿ ಅಂತ ಏನಾದ್ರೂ ನೆನಪಿದೆಯಾ ತಾಯಿ?"

ನರ್ಸಮ್ಮ ಬಗಲಿನ ನೋಟ್‌ಬುಕ್ ತೆಗೆದರು. ರೋಗಿಯ ಹಾಸಿಗೆಯ ಪಕ್ಕ ಮೊದಲು ಕೈಯಲ್ಲಿ ಬರೆದುಕೊಂಡು, ಆಮೇಲೆ ಟ್ಯಾಬಿನಲ್ಲಿ ಕುಟ್ಟುವುದು ಅವರ ರೂಢಿಯಂತೆ. ಆ ನಾಲ್ಕು ದಿನದ ಪುಟಗಳಲ್ಲಿ ಆರು ಟಿಪ್ಪಣಿಗಳ ಪಕ್ಕ ಕೆಂಪು ಪೆನ್ನಿನಲ್ಲಿ 'ಹೋಗಲಿಲ್ಲ' ಎಂದಿತ್ತು, ಹೊತ್ತಿನ ಸಮೇತ. ನಮ್ಮ ಆರು ಗುರುತುಸಂಖ್ಯೆಗಳು ಮೊದಲು ಕಾಣಿಸಿಕೊಂಡ ಹೊತ್ತಿಗೂ ಅದಕ್ಕೂ ಒಂದೆರಡು ನಿಮಿಷದ ವ್ಯತ್ಯಾಸ.

"ಓದಿ," ಎಂದರು ಅಕ್ಕ. ನರ್ಸಮ್ಮ ರೋಗಿಯ ಹೆಸರು ಬಿಟ್ಟು ಓದಿದರು.

"ಎಡಗಾಲಿನ ಹೆಬ್ಬೆರಳಿನ ಹುಣ್ಣು ನಿನ್ನೆಗಿಂತ ಅಗಲವಾಗಿದೆ. ಅಂಚು ಕಪ್ಪಾಗುತ್ತಿದೆ. ವಾಸನೆ ಇದೆ. ನೋವಿಲ್ಲ ಎನ್ನುತ್ತಾರೆ, ಆದರೆ ಬಟ್ಟೆ ಬಿಚ್ಚುವಾಗ ಮಂಚದ ಸರಳು ಹಿಡಿದುಕೊಂಡರು. ಮಗಳು ಸಕ್ಕರೆಯ ಗುಳಿಗೆ ಮರೆಯುತ್ತಿದ್ದಾಳೆ. ಡಾಕ್ಟರು ಈ ವಾರವೇ ನೋಡಬೇಕು."

ಅಕ್ಕ ಇದನ್ನು ಕುಟ್ಟಿಕೊಳ್ಳುತ್ತಿದ್ದರು. ನಾನು ಅದನ್ನು ಜಾಲದಲ್ಲಿ ಹೋಗುವ ರೂಪಕ್ಕೆ ತಿರುಗಿಸಿ ನೋಡಿದೆ. ನಮ್ಮ ಲಿಪಿಯ ಒಂದು ಅಕ್ಷರ ಹೋಗುವಾಗ ಮೂರು ತುಂಡಾಗುತ್ತದೆ, ತುಂಡಿಗೊಂದು ಶೇಕಡ ಚಿಹ್ನೆ, ಅದರ ನಂತರ ಎರಡು ಗುರುತು. ಅಲ್ಲಿಗೆ ಅಕ್ಷರವೊಂದಕ್ಕೆ ಒಂಬತ್ತು. ಒತ್ತು, ಕೊಂಬು, ದೀರ್ಘಗಳದ್ದು ಬೇರೆಯೇ ಲೆಕ್ಕ. ಆ್ಯಪ್ ಮಾಡಿದವರು ಟಿಪ್ಪಣಿಗೆ ಸಾವಿರದ ಮಿತಿ ಇಟ್ಟಿದ್ದರು, ಆದರೆ ಅಳತೆ ಹಿಡಿದದ್ದು ತುಂಡು ಮಾಡುವ ಮೊದಲಲ್ಲ, ಮಾಡಿದ ಮೇಲೆ. ರೋಮನ್ ಅಕ್ಷರದಲ್ಲಿ ಗೀಚುವವರಿಗೆ ಸಾವಿರ ಒಂದು ಪುಟ. ನಮ್ಮ ಅಕ್ಷರದಲ್ಲಿ ಬರೆಯುವವರಿಗೆ ಎರಡು ಮೂರು ಸಾಲು. ಅದು ಮುಗಿದ ಕೂಡಲೇ ಕತ್ತರಿ, ಕತ್ತರಿ ಬಹುತೇಕ ತುಂಡಿನ ನಡುವೆಯೇ ಬೀಳುತ್ತದೆ. ತುಂಡರಿಸಿದ ಚಿಹ್ನೆ ನೋಡಿದ ನನ್ನ ನಿಯಮ, ಕಳ್ಳನ ವೇಷ ಇದು ಎಂದು ಅಟ್ಟುತ್ತದೆ. ಹೋಗಲಿ, ಅಟ್ಟಿದ್ದಾದರೂ ಆ್ಯಪಿಗೆ ತಿಳಿಯಬೇಕೋ ಬೇಡವೋ. 'ಪ್ರವೇಶವಿಲ್ಲ' ಎಂಬ ನಮ್ಮ ಉತ್ತರ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಜಾಲ ಸರಿಯಿಲ್ಲ ಎಂದುಕೊಂಡು ಅದು ಅರ್ಧ ನಿಮಿಷ ಬಿಟ್ಟು ಮತ್ತೆ ಕಳಿಸುತ್ತದೆ. ನಾವು ಅಟ್ಟಿದಷ್ಟೂ ಅದು ಬರುತ್ತದೆ, ಅದು ಬಂದಷ್ಟೂ ನಮಗೆ ದಾಳಿ ಜೋರಾಯಿತೆಂದು ಕಾಣುತ್ತದೆ.

"ಆ ಕಾಲು ಏನಾಯ್ತು?" ಅಕ್ಕ ಕೇಳಿದರು.

"ಫೋನ್ ಮಾಡಿ ಹೇಳ್ದೆ ಡಾಕ್ಟರಿಗೆ. ಉಳೀತು. ಹೆಬ್ಬೆರಳು ಹೋಯ್ತು."

ನನಗೆ ನಾಚಿಕೆಯಾಗಿತ್ತು. ಬೆಳಗ್ಗೆ ಇದೇ ಹೆಂಗಸನ್ನು ಒಳಗೆ ಬಿಟ್ಟದ್ದಕ್ಕೆ ಗೊಣಗಿದ್ದೆ.

"ಬೇರೆ ನರ್ಸುಗಳಿಗೂ ಹೀಗಾಗಲ್ವಾ?" ಎಂದೆ ನಾನು.

"ಆಗ್ತಿತ್ತು," ಎಂದರು ನರ್ಸಮ್ಮ. "ಉದ್ದ ಬರೆದ್ರೆ ತಿರುಗ್ತಾನೇ ಇರುತ್ತೆ, ಗಿಡ್ಡ ಬರೆದ್ರೆ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತಾಯ್ತು. ಈಗ ಎಲ್ಲರೂ 'ಸ್ಥಿತಿ ಸಾಧಾರಣ' ಅಂತ ಬರೀತಾರೆ. ಆ ನಾಲ್ಕು ದಿನ ನಾನೊಬ್ಬಳೇ ಹಟ ಹಿಡಿದದ್ದು."

ಅಕ್ಕ ಗೋಡೆಯ ಕಡೆ ನೋಡಿದರು. ಅಲ್ಲಿ ನಮ್ಮ ಸಾಹೇಬರು ಅಂಟಿಸಿದ್ದ ನಕ್ಷೆ ಇತ್ತು, ಇದೇ ಸಂಸ್ಥೆಯದ್ದು. ಎಂಟು ತಿಂಗಳಿಂದ ತಡೆಗಳ ಗೆರೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತಾ ಬಂದಿತ್ತು. ಅದರ ಮೇಲೆ 'ದಾಳಿ ಇಳಿಮುಖ' ಎಂದು ದಪ್ಪಕ್ಷರ. ಅಂಟಿಸಿದ ದಿನ ಅದನ್ನು ತೋರಿಸಿ ಸಾಹೇಬರು ನಮಗೆಲ್ಲ ಕೇಕ್ ಹಂಚಿದ್ದರು, ನಾನೂ ಎರಡು ತುಂಡು ತಿಂದಿದ್ದೆ. ಇಳಿದದ್ದು ದಾಳಿಯಲ್ಲ, ಟಿಪ್ಪಣಿಗಳ ಉದ್ದ.

ಸಾಹೇಬರು ಕೆಟ್ಟವರಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ, ಅಷ್ಟೆ. ಅಕ್ಕ ಎಲ್ಲ ಹೇಳಿದ ಕೂಡಲೇ ನನ್ನ ಕಡೆ ತಿರುಗಿ, "ಹಾಗಿದ್ರೆ ಆ ನಿಯಮ ತೆಗೆದುಬಿಡು," ಎಂದರು.

"ತೆಗೆದ್ರೆ ಆ ಮೂವತ್ತೊಂದು ಒಳಗೆ ಬರುತ್ತೆ ಸಾರ್," ಎಂದರು ಅಕ್ಕ. "ಅದು ನಿಜವಾದ ಕಳ್ಳ."

"ಟಿಪ್ಪಣಿ ಜಾಗಕ್ಕೆ ಮಾತ್ರ ವಿನಾಯಿತಿ ಕೊಡಬಹುದು," ಎಂದೆ.

"ಕೊಟ್ರೆ ಬಾಗಿಲು ದಾಟುತ್ತೆ, ಆದರೆ ದಾಟೋದು ಅರ್ಧ ಟಿಪ್ಪಣಿ. 'ಡಾಕ್ಟರು ಈ ವಾರವೇ ನೋಡಬೇಕು' ಅನ್ನೋದು ಕತ್ತರಿಯ ಆಚೆಗೇ ಇರುತ್ತೆ. ಆ್ಯಪ್ ಮಾಡಿದವರೇ ಸರಿ ಮಾಡ್ಬೇಕು. ಅಲ್ಲೀತನಕ ನಿಯಮ ಇರಲಿ, ತಡೆ ಬಿದ್ದ ತಕ್ಷಣ ನಾನು ಅವರ ಆಫೀಸಿಗೆ ಫೋನ್ ಮಾಡ್ತೀನಿ, ಇಂಥ ಟ್ಯಾಬಲ್ಲಿ ಟಿಪ್ಪಣಿ ಸಿಕ್ಕಿಕೊಂಡಿದೆ ಅಂತ."

ಸಾಹೇಬರು ತಲೆದೂಗಿದರು. ಆಮೇಲೆ ಮುಖ್ಯವಾದದ್ದಕ್ಕೆ ಬಂದರು. "ಶುಕ್ರವಾರಕ್ಕೆ ಮುಂಚೆ ಒಂದು ಕಾಗದ ಕೊಡೋಣ. 'ಮರುಪರಿಶೀಲನೆಯಲ್ಲಿ ತಾಂತ್ರಿಕ ಕಾರಣ ಕಂಡುಬಂದಿದೆ' ಅಂತ. ಅಷ್ಟು ಸಾಕಲ್ವಾ?"

"ಸಾಲಲ್ಲ ಸಾರ್. ಹಾಗೆ ಬರೆದ್ರೆ ಇವರ ಮೇಲೆ ಅನುಮಾನ ಹಾಗೇ ಉಳಿಯುತ್ತೆ. ತಾಂತ್ರಿಕ ಕಾರಣ ಅಂದ್ರೆ ಯಾರದ್ದು, ಇವರದ್ದಾ, ನಮ್ಮದಾ?"

"ನಿಮ್ಮ ಹೆಸರು ಬರುತ್ತೆ. ಹದಿನಾಲ್ಕು ತಿಂಗಳು ಇದೆ ನಿಮಗೆ."

"ಸಹಿ ನಂದೇ ಅಲ್ವಾ ಸಾರ್," ಎಂದರು ಅಕ್ಕ, ಎದ್ದು ಮಂಡಿ ಹಿಡಿದುಕೊಂಡು.

ಆ ಸಂಜೆ ಅವರನ್ನು ನನ್ನ ಗಾಡಿಯಲ್ಲಿ ಮನೆಗೆ ಬಿಟ್ಟೆ. ಎರಡನೆಯ ಮಹಡಿಯ ಎರಡು ಕೋಣೆ. ಯಜಮಾನರು ಬಸ್ ಓಡಿಸಿ ನಿವೃತ್ತರಾದವರು, ಕಪ್ಪು ಕನ್ನಡಕ ಹಾಕಿಕೊಂಡು ರೇಡಿಯೋ ಪಕ್ಕ ಕೂತಿದ್ದರು. ದಿನಾ ಕೇಳುವ ಮಾತನ್ನೇ ಕೇಳಿದರು: "ಇವತ್ತು ಎಷ್ಟು ಕಳ್ಳರು, ಎಷ್ಟು ಎಡವಿದವರು?"

"ಇವತ್ತು ಎಡವಿದವಳು ನಾನೇ ಕಣ್ರೀ," ಎಂದು ಅಕ್ಕ ಅಲ್ಲೇ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಸಿದರು. ಚಪ್ಪಲಿ ಕಳಚಲಿಲ್ಲ. ಎಲ್ಲ ಹೇಳಿದರು. ಹೇಳುತ್ತಾ ಅತ್ತರು, ಹನ್ನೊಂದು ವರ್ಷದಲ್ಲಿ ನಾನು ಅವರು ಅತ್ತದ್ದು ನೋಡಿದ್ದು ಅದೊಂದೇ ಸಲ.

ಯಜಮಾನರು ರೇಡಿಯೋ ಆರಿಸಿ, "ನನ್ನ ಕಣ್ಣಿಂದ ಆದದ್ದು," ಎಂದರು.

"ನಿಮ್ಮ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಕಣ್ಣಿಗೆ ಏನು ಬಂದಿತ್ತು? ನಡುವಿಂದ ಒಂದೇ ಒಂದು ಓದಿದ್ರೂ ಸಾಕಿತ್ತು."

ಅಕ್ಕ ಕಾಗದವನ್ನು ಅಲ್ಲೇ ಬರೆದರು, ನಾನು ಕೂತು ಕಾದೆ. ಏನಾಯಿತು, ಹೇಗಾಯಿತು, ಆರು ಟಿಪ್ಪಣಿ ಹೇಗೆ ನಾಲ್ಕು ಸಾವಿರವಾಯಿತು, ಎಲ್ಲ ಸರಳ ಮಾತಿನಲ್ಲಿತ್ತು. ಕೊನೆಯ ಸಾಲು ಹೀಗಿತ್ತು: 'ಈ ಸಾಧನದಿಂದ ಬಂದ ತಡೆಗಳಲ್ಲಿ ಒಂದನ್ನೂ ಓದದೆ ದಾಳಿಯೆಂದು ನಾನು ಸಹಿ ಮಾಡಿದ್ದೇನೆ. ತಪ್ಪು ನನ್ನದು. ಇವರದ್ದು ಏನೂ ಇಲ್ಲ.' ನನ್ನ ಪರದೆಯ ವಿಷಯ ಅದರಲ್ಲಿರಲಿಲ್ಲ. ಅದನ್ನೂ ಸೇರಿಸಿ ಎಂದೆ. "ನಿನ್ನ ಪಾಲು ನೀನು ಬರಿ, ನನ್ನ ಕೈಲಿ ಬರೆಸ್ಬೇಡ," ಎಂದರು. ಬರೆದೆ.

ಶುಕ್ರವಾರ ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತಂತೆ. ಸೋಮವಾರದಿಂದ ನರ್ಸಮ್ಮ ಕೆಲಸಕ್ಕೆ. ಅದೇ ಸೋಮವಾರ ಆ ಸಂಸ್ಥೆಯಿಂದ ನಮಗೆ ಕಾಗದ ಬಂತು: ಇನ್ನು ಮುಂದೆ ವರದಿಗೆ ಬೇರೆಯವರು ಸಹಿ ಮಾಡತಕ್ಕದ್ದು. ಸಾಹೇಬರು ಅದನ್ನು ಎಲ್ಲ ಗ್ರಾಹಕರಿಗೂ ಅನ್ವಯಿಸಿದರು. ಅಕ್ಕ ಓದುತ್ತಾರೆ, ಸಹಿ ನನ್ನದು. ಮೊದಲ ಸಲ ಹಾಕುವಾಗ ಪೆನ್ನೇ ಓಡಲಿಲ್ಲ. ಅಕ್ಕನೇ, "ಹಾಕು ಹಾಕು, ಮದುವೆ ಪತ್ರ ಅಲ್ಲ ಅದು," ಎಂದರು. ನನ್ನ ಪರದೆ ಈಗ ರಾಶಿಯ ಮೇಲಿನದ್ದನ್ನು ತೋರಿಸುವುದಿಲ್ಲ. ಎಲ್ಲಿಂದಲೋ ಹತ್ತು ಎತ್ತಿ ಮುಂದಿಡುತ್ತದೆ, ಅಷ್ಟನ್ನೂ ತೆರೆಯದೆ ಗುರುತು ಹಾಕಲು ಬಿಡುವುದಿಲ್ಲ.

ಆ್ಯಪ್ ಸರಿಯಾಗಲು ಮೂರು ವಾರ ಹಿಡಿಯಿತು. ಆ ಮೂರು ವಾರವೂ ಅಕ್ಕ ಕಾಯುತ್ತಾ ಕೂತರು, ನರ್ಸಮ್ಮನ ಟ್ಯಾಬಿನಿಂದ ಒಂದೂ ತಡೆ ಬೀಳಲಿಲ್ಲ. ಹೊಸ ಆ್ಯಪ್ ಬಂದ ದಿನವೂ ಬೆಳಗ್ಗೆ ಆ ಟ್ಯಾಬಿನ ಸಂಖ್ಯೆ ಕುಟ್ಟಿ ನೋಡಿದರು. ಸೊನ್ನೆ. ಮಧ್ಯಾಹ್ನ ನೋಡಿದರು. ಸೊನ್ನೆ.

"ಸರಿ ಹೋಯ್ತಲ್ಲ ಅಕ್ಕ, ಬಿಡಿ," ಎಂದೆ.

"ಹೇಗೆ ಹೇಳ್ತೀಯ? ನಮಗೆ ಕಾಣೋದು ಅಟ್ಟಿದ್ದು ಮಾತ್ರ. ದಾಟಿ ಹೋದದ್ದೂ ಕಾಣಲ್ಲ, ಬಾರದೇ ಇದ್ದದ್ದೂ ಕಾಣಲ್ಲ. ಎರಡೂ ಸೊನ್ನೆನೇ."

ಫೋನ್ ಮಾಡಿದರು, ಸ್ಪೀಕರ್ ಹಾಕಿ. ಆ ಕಡೆ ಬೀದಿಯ ಸದ್ದು, ನರ್ಸಮ್ಮ ಎಲ್ಲೋ ನಡೆಯುತ್ತಿದ್ದರು.

"ಟಿಪ್ಪಣಿ ಹೋಗ್ತಾ ಇದೆಯಾ ತಾಯಿ?"

"ಹೋಗ್ತಾ ಇದೆ ಮೇಡಂ. ಏನೂ ತೊಂದರೆ ಇಲ್ಲ."

"ಏನು ಬರೀತಿದ್ದೀರಿ?"

ಆ ಕಡೆ ನಡಿಗೆ ನಿಂತಿತು. "'ಸ್ಥಿತಿ ಸಾಧಾರಣ' ಅಂತ ಬರೀತೀನಿ. ಯಾಕೆ ಬೇಕು ಹೇಳಿ. ಐದು ವಾರ ಮನೇಲಿ ಕೂತಿದ್ದೆ."

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಏನೋ ಹೇಳಲು ಹೋದೆ, ಕೈಯಲ್ಲೇ ಸುಮ್ಮನಿರಿಸಿದರು.

"ಇವತ್ತು ಯಾರ ಮನೆಗೆ ಹೋಗ್ತಿದ್ದೀರಿ?"

"ಅದೇ ಹೆಬ್ಬೆರಳಿನವರ ಮನೆಗೆ."

"ಒಂದು ಪೂರ್ತಿ ಬರೀರಿ. ನಾನು ಇಲ್ಲೇ ಕೂತಿರ್ತೀನಿ. ಸಿಕ್ಕಿಕೊಂಡ್ರೆ ನನಗೇ ಮೊದಲು ಗೊತ್ತಾಗೋದು. ಗೊತ್ತಾದ ತಕ್ಷಣ ನಾನೇ ನಿಮ್ಮ ಆಫೀಸಿಗೆ ಹೇಳ್ತೀನಿ, ನಿಮ್ಮ ತಪ್ಪಲ್ಲ ಅಂತ."

"ನೀವು ಈಗ ಸಹಿ ಹಾಕಲ್ಲ ಅಂತಾರಲ್ಲ ಮೇಡಂ ನಮ್ಮ ಆಫೀಸಲ್ಲಿ."

"ಹಾಕಲ್ಲ. ಓದೋದು ನಾನೇ."

ಫೋನ್ ಇಟ್ಟ ಮೇಲೆ ಅಕ್ಕ ಊಟಕ್ಕೆ ಏಳಲಿಲ್ಲ. ಪರದೆಯಲ್ಲಿ ಆ ಟ್ಯಾಬಿನ ಸಂಖ್ಯೆ, ಅದರ ಕೆಳಗೆ ಖಾಲಿ ಜಾಗ. ನಾನೂ ಏಳಲಿಲ್ಲ. ಎರಡೂಕಾಲು ಗಂಟೆಗೆ ಫೋನ್ ಬಂತು.

"ಹೋಯ್ತು ಮೇಡಂ," ಎಂದಿತು ದನಿ. "ಹನ್ನೊಂದು ಸಾಲು."

ಅಕ್ಕ ಪರದೆ ನೋಡಿದರು. ಅಲ್ಲಿ ಸೊನ್ನೆಯೇ ಇತ್ತು. "ಕೊನೇ ಸಾಲು ಏನು ಬರೆದ್ರಿ?" ಎಂದು ಕೇಳಿದರು.

"ಗಾಯ ಒಣಗುತ್ತಿದೆ ಅಂತ."

ಅಕ್ಕ ಸರಿ ಎಂದು ಫೋನ್ ಇಟ್ಟು, ಮುಂದಿನ ರಾಶಿ ತೆರೆದರು.